ಹೂರಣ ಮತ್ತು ಕೆಂಪು ಬಟನ್

ಯುಗಾದಿಯ ಹಿಂದಿನ ದಿನ ಒಬ್ಬಟ್ಟಿಗೆ ಹೂರಣ ರುಬ್ಬುತ್ತಿದ್ದಾಗ ನಮ್ಮ ಮಿಕ್ಸಿಯಿಂದ ಹೊಗೆ ಬಂತು. ನೀರು ಸೋಕಿದರೆ ಹೂರಣ ಸಡಿಲವಾಗುತ್ತದೆಂದು ಅಮ್ಮ ಬೇಳೆ, ಬೆಲ್ಲವನ್ನು ಗಟ್ಟಿಯಾಗಿಯೇ ಜಾರಿನ ತುಂಬ ಒತ್ತಿದ್ದಳು. ಮಂಡಿ ಮೊಹಲ್ಲಾದ ರಿಪೇರಿ ಅಂಗಡಿ ಮುಟ್ಟುವವರೆಗೂ ನಾನು ಸ್ಕೂಟರಿನಲ್ಲಿ ಬೈಯುತ್ತಲೇ ಇದ್ದೆ. ಅವಳು ಮಿಕ್ಸಿಯನ್ನು ಮಡಿಲಲ್ಲಿ ಅವುಚಿಕೊಂಡು ಹಿಂದೆ ಕೂತಿದ್ದಳು.

ರಿಪೇರಿಯವರು ಮಿಕ್ಸಿ ಬಿಚ್ಚಿ, ಸವೆದು ಕರಕಲಾದ ಎರಡು ಕಾರ್ಬನ್ ತುಂಡುಗಳನ್ನು ಅಂಗೈಯಲ್ಲಿಟ್ಟು ತೋರಿಸಿದರು.

"ತಿರುಗೋ ಭಾಗಕ್ಕೆ ಕರೆಂಟ್ ಕೊಡೋದು ಇವು. ಸವೆದು ಕಿಡಿ ಹಾರ್ತಿತ್ತು. ಇಷ್ಟೇ ಆಗಿದ್ರೆ ಹೊಸದು ಹಾಕಿ ಕೊಟ್ಬುಡ್ತಿದ್ದೆ. ಆದ್ರೆ ಲೋಡ್ ಜಾಸ್ತಿಯಾಗಿ ಮೋಟಾರ್ ತಿಣುಕಿದೆ, ಕರೆಂಟ್ ಜಾಸ್ತಿ ಎಳೆದಿದೆ. ಸುತ್ತಿರೋ ತಂತಿ ಕಾದು ಮೇಲಿನ ವಾರ್ನಿಷ್ ಸುಟ್ಟಿದೆ. ಹೊಗೆ ಅದರದ್ದು. ಹೊಸದಾಗಿ ಸುತ್ತಬೇಕು."

ಆಮೇಲೆ ಅಮ್ಮನನ್ನು ಕೇಳಿದರು. "ಹೊಗೆ ಬರೋಕ್ಕೆ ಮೊದಲೇ, ಲೋಡ್ ಜಾಸ್ತಿ ಅಂತ ಅಡಿಯಲ್ಲಿರೋ ಕೆಂಪು ಬಟನ್ ಹೊರಗೆ ಬಂದು ಮಿಕ್ಸಿ ನಿಂತಿರಬೇಕಲ್ಲಮ್ಮ?"

"ನಾಲ್ಕು ಸಲ ನಿಂತಿತ್ತು. ಒತ್ತಿ ಒತ್ತಿ ಓಡಿಸಿದೆ."

"ಮೋಟಾರ್ ತಣ್ಣಗಾಗೋಕೂ ಬಿಡದೇನಾ? ಹಂಗೆ ಒತ್ತೋಕೆ ಯಾರು ಹೇಳಿದ್ದು?"

ನಾನು ಗೋಡೆ ನೋಡಿದೆ. ಬೆಳಿಗ್ಗೆ ನಾನು ಆಫೀಸಿನಲ್ಲಿದ್ದಾಗ, ಮಿಕ್ಸಿ ನಿಂತಿದೆಯೆಂದು ಅಮ್ಮ ಫೋನ್ ಮಾಡಿದ್ದಳು. "ನಿಂತಾಗೆಲ್ಲ ಆ ಬಟನ್ ಒತ್ತು, ಅಷ್ಟೇ" ಎಂದು ಹೇಳಿ ಕಟ್ ಮಾಡಿದವನು ನಾನೇ.

"ಯಾರೂ ಹೇಳ್ಲಿಲ್ಲ ಕಣಪ್ಪ. ನಂದೇ ಅವಸರ" ಎಂದಳು ಅಮ್ಮ.

ವಾಪಸ್ ಬರುವಾಗ ಸ್ಕೂಟರನ್ನು ನಿಧಾನಕ್ಕೆ ಓಡಿಸಿದೆ. ಮನೆ ಹತ್ತಿರ ಬಂದಾಗ ಅವಳೇ ಮೆಲ್ಲಗೆ ಹೇಳಿದಳು. "ಹಿತ್ತಲಲ್ಲಿ ರುಬ್ಬೋ ಕಲ್ಲಿದೆ. ಉಳಿದಿದ್ದು ನೀನೇ ರುಬ್ಬು. ಅದಕ್ಕೆ ಬಟನ್ ಇಲ್ಲ."