ನಾನು ಕತ್ತರಿಸಿದ ಖಾಲಿ ಗೋಡೆ

ಅಣ್ಣಾ, ಅಪ್ಪ ಅಮ್ಮನ ಮದುವೆಯ ಅರವತ್ತನೇ ವರ್ಷದ ಸಮಾರಂಭಕ್ಕೆಂದು ಮಸ್ಕತ್‌ನಿಂದ ಕಳಿಸಿದ ವಿಡಿಯೋದಲ್ಲಿ ನೀನು ಅಪ್ಪನಿಗೆ ಅಡ್ಡಬಿದ್ದಿದ್ದೆ. ಅದನ್ನು ಕತ್ತರಿಸಿ ಬಿಸಾಡಿದವಳು ನಾನು, ನಿನ್ನ ತಂಗಿ. ಅಪ್ಪ ಅದನ್ನು ನೋಡಲೇ ಇಲ್ಲ.

ಬೇಕೆಂದೇ ಮಾಡಿದ್ದಲ್ಲ — ಎಂದು ಬರೆಯಹೊರಟೆ. ಆದರೆ ಅದು ಮೊದಲ ದಿನಕ್ಕೆ ಮಾತ್ರ ನಿಜ.

ನೀನು ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ, ಎದುರು ನಿಂತು ಮಾತಾಡಿದ್ದೆ. ಮೊದಲು ಹಳೆಯ ಫೋಟೋಗಳು, ಆಮೇಲೆ ನಿನ್ನ ಮಾತು, ಹಿಂದೆ ನಾದಸ್ವರ — ಎಲ್ಲವನ್ನೂ ಲ್ಯಾಪ್‌ಟಾಪಿನಲ್ಲಿ ಜೋಡಿಸುವ ಜಂಬ ನನಗೆ. ಅವಸರದಲ್ಲಿ ಧ್ವನಿ ಆರಿಸಿ ಚಿತ್ರವನ್ನಷ್ಟೇ ಓಡಿಸುತ್ತಿದ್ದೆ. ಒಂದು ಕಡೆ ನೀನು ಬಗ್ಗಿ, ಚೌಕಟ್ಟಿನ ಕೆಳಗೆ ಮಾಯವಾದೆ. ಉಳಿದದ್ದು ಬರೀ ಗೋಡೆ. ಏನೋ ಬಿದ್ದಿರಬೇಕು, ಎತ್ತಿಕೊಳ್ಳುತ್ತಿದ್ದಾನೆ ಅಂದುಕೊಂಡು ಆ ಖಾಲಿ ಭಾಗ ತೆಗೆದೆ. ಎದ್ದು ನಿಂತ ನಿನ್ನನ್ನು ಮೊದಲಿನ ಚಿತ್ರಕ್ಕೆ ಮೆಲ್ಲಗೆ ಬೆರೆಸಿ ಸೇರಿಸಿದೆ. ಕತ್ತರಿಸಿದ ಜಾಗ ಯಾರಿಗೂ ತಿಳಿಯುವಂತಿರಲಿಲ್ಲ.

ಕೊಡಿಗೇಹಳ್ಳಿಯ ಸಮುದಾಯ ಭವನದಲ್ಲಿ ಹಾರ ಬದಲಾಯಿಸಿದ ಮೇಲೆ, ಊಟಕ್ಕೆ ಮುಂಚೆ, ಪೆನ್‌ಡ್ರೈವ್ ಹಾಕಿ ಪರದೆಗೆ ಬಿಟ್ಟರು. ಪರದೇಶಕ್ಕೆ ಹೊರಟ ದಿನ ನೀನು ಜಗಳವಾಡಿ, ಅಪ್ಪನ ಕಾಲಿಗೆ ಬೀಳದೆ ಹೋದದ್ದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಪರದೆಯಲ್ಲಿ ನೀನು "ಅಪ್ಪಾ..." ಅಂದೆ. ಅಪ್ಪ ಕುರ್ಚಿಯಲ್ಲಿ ನೆಟ್ಟಗೆ ಕೂತು ಬಲಗೈ ಎತ್ತಿದರು. ಮರುಕ್ಷಣವೇ ನೀನು "ಬರ್ತೀನಿ" ಅಂದು, ಆರಿಸಲು ಫೋನಿನತ್ತ ಕೈಚಾಚಿದೆ. ಎತ್ತಿದ ಕೈಯನ್ನು ಏನು ಮಾಡಬೇಕೆಂದು ತೋಚದೆ ಅಪ್ಪ ಹಾರ ಸರಿಮಾಡಿಕೊಂಡರು.

"ಇಷ್ಟ್ ವರ್ಷ ಆದ್ರೂ ಬಗ್ಗಲಿಲ್ಲ ನೋಡಮ್ಮ ಅವ್ನು," ಅಂದರು ನನಗೆ.

ಸಂಜೆ ನೀನು ಫೋನ್ ಮಾಡಿದೆ.

"ನಾನ್ ಕಾಲಿಗ್ ಬಿದ್ದಾಗ ಅಪ್ಪ ಏನಂದ್ರು?"

ಏನೋ ಎತ್ತಿಕೊಳ್ಳಲು ಬಗ್ಗಿದ್ದಲ್ಲ ನೀನು. ಆ ಗೋಡೆ... "ಏನೂ ಅನ್ಲಿಲ್ಲ ಕಣಣ್ಣ," ಅಂದುಬಿಟ್ಟೆ.

ಫೋನಿಟ್ಟು ಮೂಲ ವಿಡಿಯೋ ತೆರೆದು ಧ್ವನಿ ಏರಿಸಿದೆ. ಖಾಲಿ ಗೋಡೆ. ಕೆಳಗಿನಿಂದ ನಿನ್ನ ದನಿ: "ತಪ್ಪಾಯ್ತಪ್ಪ. ಏಳೋ ಅನ್ನಿ, ಏಳ್ತೀನಿ." ಆಮೇಲೆ ನೀನು ಸುಮ್ಮನೆ ಕಾದಿದ್ದೆ.

ಅಪ್ಪ ಪಕ್ಕದ ಕೋಣೆಯಲ್ಲೇ ಇದ್ದರು. ಹೋಗಿ ತೋರಿಸಬಹುದಿತ್ತು. ಬಂದವರೆಲ್ಲ ನನ್ನ ವಿಡಿಯೋ ಹೊಗಳಿದ್ದರು; ಕೆಡಿಸಿದ್ದೂ ನಾನೇ ಅಂತ ಹೇಗೆ... ನಾಳೆ ಅಂದುಕೊಂಡೆ. ನಾಳೆ ನಾಳೆ ಅನ್ನುತ್ತಲೇ ವರ್ಷ ಕಳೆಯಿತು, ಅಪ್ಪ ಹೋದರು.

ನೀನು ಬಂದು ಹೆಣದ ಕಾಲಿಗೆ ಅಡ್ಡಬಿದ್ದೆ. "ಈಗ್ ಬಗ್ಗಿದ್ಯಾ ಮಗಾ?" ಅಂತ ಅಮ್ಮ ಅತ್ತಳು. ನೀನು ತಲೆಯೆತ್ತಿ ನನ್ನನ್ನು ನೋಡಿದೆ. ನಾನು ಸೆರಗಿನಿಂದ ಮುಖ ಮುಚ್ಚಿಕೊಂಡೆ — ಅಳುತ್ತಿದ್ದಾಳೆ ಅಂದುಕೊಂಡರು ಎಲ್ಲರೂ.

ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ಅಮ್ಮ ಹೊರಗೆ ಕೂತು ಅವರೆಕಾಯಿ ಬಿಡಿಸುತ್ತಿದ್ದಾಳೆ. ಇದನ್ನು ನಿನಗೆ ಕಳಿಸಿ, ಎದ್ದು ಹೋಗಿ ಪೂರ್ತಿ ವಿಡಿಯೋ ಅವಳ ಮುಂದೆ ಹಾಕುತ್ತೇನೆ. ಗೋಡೆ ಬಂದಾಗ ಹೇಳುತ್ತೇನೆ: "ಅಣ್ಣ ಕೆಳಗಿದ್ದಾನೆ ಕಣಮ್ಮ. ಏಳೋ ಅನ್ನು."