ಠರಾವಿಗೆ ಬಿದ್ದ ಹೂಂ

ದಿಲಾವರಣ್ಣ ಅಂಗಡಿಯ ಮೆಟ್ಟಿಲು ಹತ್ತುವುದು ಕಂಡರೆ ನನಗೆ ಮೊದಲು ಬರುವುದು ಸಿಟ್ಟು. ಮನುಷ್ಯ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಎರಡು ಬೈದು ಕಳಿಸಬಹುದಿತ್ತು. ಸವಣೂರಿನ ತಾಲ್ಲೂಕು ಕಚೇರಿಯ ಎದುರಿಗೆ ನನ್ನದೊಂದು ಟೈಪಿಂಗ್, ಝೆರಾಕ್ಸ್ ಅಂಗಡಿ. ಎದುರು ಕಟ್ಟಡಕ್ಕೆ ಹೋಗುವ ಅರ್ಧ ಕಾಗದಗಳು ನನ್ನ ಕೈಯಿಂದಲೇ ಹೋಗುತ್ತವೆ. ಬೇರೆಯವರು ಬಂದು, ಹೇಳಿ, ಹೊಡೆಸಿಕೊಂಡು ಹೋಗುತ್ತಾರೆ. ಈತ ಮಾತ್ರ ಸ್ಟೂಲಿನ ಮೇಲೆ ಕುಂತು, ಮೊಣಕಾಲು ಒತ್ತಿಕೊಂಡು, ಒಂದು ಅಲ್ಪವಿರಾಮಕ್ಕೂ ತಕರಾರು ತೆಗೆಯುತ್ತಾನೆ.

"ಅಣ್ಣಾ, ಇಷ್ಟು ಚೊಕ್ಕ ಬರದರೂ ಅವರು ಓದೂದಿಲ್ರಿ" ಎಂದರೆ, "ಓದ್ಲಿಲ್ಲ ಅಂದ್ರ ಅದು ಅವರ ತಪ್ಪು. ತಪ್ಪು ಬರದ್ರ ನಂದು" ಎನ್ನುತ್ತಾನೆ. ಇಂಥವನ ಹತ್ತಿರ ಏನು ಜಗಳ ಮಾಡುವುದು?

ಈತ ವೀಳ್ಯದೆಲೆ ಬೆಳೆಗಾರರ ಸಹಕಾರ ಸಂಘದ ಕಾರ್ಯದರ್ಶಿ. ಮಾರುಕಟ್ಟೆಯ ಹಿಂದೆ ಒಂದು ಕೋಣೆ, ಒಂದು ಕಪಾಟು, ತಿರುಗಿದರೆ ಕಿರುಗುಟ್ಟುವ ಒಂದು ಫ್ಯಾನು. ಸಂಬಳ ಇದೆ ಎಂದರೆ ಇದೆ. ಸಕ್ಕರೆ ಕಾಯಿಲೆ ಬಂದ ಮೇಲೆ ಚಹಾದ ಸಕ್ಕರೆಯೂ ಹೋಯಿತು. ಹೆಂಡತಿ ಮಾಹೀರಾ ಮನೆಯಲ್ಲಿ ಖಾರದ ತಿಂಡಿ ಮಾಡಿ ಮಾರುವುದರಿಂದ ಸಂಸಾರ ನಡೆದಿದೆ. "ನಮ್ಮ ಮನಿಯವರ ನಿಕಾ ನನ್ನ ಜೋಡಿ ಆಗಿಲ್ಲವಾ, ಡಿಸಿ ಆಫೀಸಿನ ಟಪಾಲಿನ ಜೋಡಿ ಆಗೇತಿ" ಎಂದು ಆಕೆ ನಗುತ್ತಾಳೆ. ಮೊದಲು ತಮಾಷೆಗೆ ಹೇಳುತ್ತಿದ್ದಳು. ಈಗೀಗ ಹೇಳುವಾಗ ಆಕೆಯ ಮುಖದಲ್ಲಿ ನಗು ಅಷ್ಟಿರುವುದಿಲ್ಲ.

ಸಂಘದ ಸಭೆಗಳಲ್ಲಿ ಒಂದು ರೂಢಿ ಬಿದ್ದಿತ್ತು. ಒಬ್ಬರು ಠರಾವು, ಅಂದರೆ ನಿರ್ಣಯ, ಸೂಚಿಸಬೇಕು, ಇನ್ನೊಬ್ಬರು ಅನುಮೋದಿಸಬೇಕು. ಸೂಚಿಸುವವರು ಹೇಗೋ ಸಿಗುತ್ತಾರೆ. ಅನುಮೋದಿಸುವುದಕ್ಕೆ ಮಾತ್ರ ಎಲ್ಲರಿಗೂ ನಾಲಿಗೆ ಭಾರ. ಆಗ ಮೂಲೆಯ ಖುರ್ಚಿಯಿಂದ ಮಕ್ತುಮಸಾಬರು "ಹೂಂ" ಅನ್ನುತ್ತಿದ್ದರು. ಆಡಳಿತ ಮಂಡಳಿಯಲ್ಲಿ ಅವರೇ ಹಿರಿಯರು. ಬಲಗಿವಿ ಪೂರ್ತಿ ಹೋಗಿದೆ, ಎಡಗಿವಿ ಕೂಗಿದರೆ ಕೇಳುತ್ತದೆ. ಅವರು ಹೂಂ ಅಂದರೆ ಮುಗಿಯಿತು, ಅನುಮೋದಕರು ಮಕ್ತುಮಸಾಬ ಎಂದು ಬರೆದು ಮುಂದಿನ ವಿಷಯಕ್ಕೆ ಹೋಗುವುದು. ಗೊಬ್ಬರಕ್ಕೂ ಹೂಂ, ಲೆಕ್ಕಪರಿಶೋಧನೆಗೂ ಹೂಂ, ಫ್ಯಾನು ರಿಪೇರಿಗೂ ಹೂಂ.

ಇನ್ನು ನಮ್ಮವ್ವನ ವಿಷಯ ಹೇಳಬೇಕು. ನಮ್ಮವ್ವ ತಿಪ್ಪವ್ವ ತೋಟಗಳಲ್ಲಿ ಎಲೆ ಕೊಯ್ಯುವವಳು. ಹಳ್ಳದ ಆಚೆಯ ತೋಟಗಳಿಂದ ಡಾಂಬರು ರಸ್ತೆಗೆ ಬರಲು ಇರುವುದು ಒಂದೇ ಬದು. ಒಂದು ಕಾಲಿನ ಹಿಂದೆ ಇನ್ನೊಂದು ಕಾಲಿಡುವಷ್ಟು ಅಗಲ. ಹೋದ ವರ್ಷದ ಮಳೆಗಾಲದಲ್ಲಿ ತಲೆಯ ಮೇಲೆ ಎಲೆಯ ಬುಟ್ಟಿ ಹೊತ್ತು ಬರುವಾಗ ಅವ್ವ ಆ ಬದುವಿನಿಂದ ಜಾರಿ ಬಿದ್ದಳು. ಸೊಂಟದ ಎಲುಬು ಮುರಿಯಿತು. ಆಂಬುಲೆನ್ಸ್ ಬಂತು, ಬಂದು ರಸ್ತೆಯಲ್ಲೇ ನಿಂತಿತು. ಕಂಬಳಿಯಲ್ಲಿ ಹಾಕಿ ನಾಲ್ವರು ಅವಳನ್ನು ಹೊತ್ತು ತರುವಾಗ, ಆ ಬದುವಿನ ಮೇಲೆ ಇಬ್ಬರು ಅಕ್ಕಪಕ್ಕ ನಡೆಯಲು ಬರುವುದಿಲ್ಲವಲ್ಲ, ಹೆಜ್ಜೆಗೊಮ್ಮೆ ಕಂಬಳಿ ವಾಲುತ್ತಿತ್ತು. ಅವ್ವ ಚೀರಿದ್ದನ್ನು ನಾನು ಮರೆತಿಲ್ಲ. ಹಿಂದಿನ ತುದಿ ಹಿಡಿದವರಲ್ಲಿ ದಿಲಾವರಣ್ಣನೂ ಒಬ್ಬ. ಅವನೂ ಮರೆತಿಲ್ಲ.

ಮುಂದಿನ ಸಭೆಯಲ್ಲಿ ವಿಷಯ ಬಂತು. ಬದುವನ್ನು ಅಗಲ ಮಾಡಿ ಗಾಡಿ ಹೋಗುವ ದಾರಿ ಮಾಡಿಕೊಡಬೇಕೆಂದು ಜಿಲ್ಲಾಧಿಕಾರಿಗಳನ್ನು ಕೋರುವ ಠರಾವು. ದಿಲಾವರಣ್ಣ ಸರ್ವೆ ನಂಬರ್ ಸಹಿತ ಓದಿದ. ಅನುಮೋದಕರು ಯಾರು ಎಂದು ಅಧ್ಯಕ್ಷ ಫಕ್ಕೀರೇಶಪ್ಪನವರು ಕೇಳಿದಾಗ ಎಲ್ಲರೂ ಫ್ಯಾನು ನೋಡಿದರು. ಮೂಲೆಯಿಂದ ಹೂಂ ಬಂತು. ಬದು ಇರುವುದು ಮಕ್ತುಮಸಾಬರ ತೋಟದಲ್ಲೇ. ಅಂಥವರೇ ಹೂಂ ಅಂದರಲ್ಲ ಎಂದು ದಿಲಾವರಣ್ಣನ ಕಣ್ಣಲ್ಲಿ ನೀರು ಬಂದಿತ್ತಂತೆ.

ಪತ್ರ ಹೊಡೆದವಳು ನಾನೇ. "ವಿಷಯ: ಎಲೆ ತೋಟಗಳಿಗೆ ಹೋಗುವ ಬದುವನ್ನು ಗಾಡಿ ದಾರಿಯನ್ನಾಗಿ ಮಾಡಿಕೊಡುವ ಕುರಿತು. ಉಲ್ಲೇಖ: ಸಂಘದ ಆಡಳಿತ ಮಂಡಳಿ ಸಭೆಯ ಠರಾವು. ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ, ಸಭೆಯಲ್ಲಿ ಸರ್ವಾನುಮತದಿಂದ ಅಂಗೀಕರಿಸಿದ ಠರಾವಿನ ದೃಢೀಕೃತ ನಕಲನ್ನು ಲಗತ್ತಿಸಿ, ಮುಂದಿನ ಸೂಕ್ತ ಕ್ರಮಕ್ಕಾಗಿ ತಮ್ಮಲ್ಲಿ ಸಲ್ಲಿಸಿದೆ." ಕೊನೆಗೆ ಅವ್ವ ಬಿದ್ದದ್ದನ್ನೂ ಒಂದು ಸಾಲು ಬರೆಯೋಣ ಎಂದೆ. "ಠರಾವಿನಾಗ ಇಲ್ಲದ್ದು ಪತ್ರದಾಗ ಬರಬಾರದು, ನೀಲಾ" ಎಂದ. ಆಗ ಅವನ ಮೇಲೆ ನನಗೆ ಬಂದ ಸಿಟ್ಟು ಈಗಲೂ ಪೂರ್ತಿ ಇಳಿದಿಲ್ಲ.

ಬಸ್ಸು ಹತ್ತಿ ಹಾವೇರಿಗೆ ಹೋದ. ಟಪಾಲು ಶಾಖೆಯಲ್ಲಿ ಪತ್ರ ಕೊಟ್ಟು, ತನ್ನ ಪ್ರತಿಯ ಮೇಲೆ ಸ್ವೀಕೃತಿಯ ಸಿಕ್ಕೆ ಹಾಕಿಸಿಕೊಂಡು ಬಂದ. ಮನೆಯಲ್ಲಿ ಹಾಸಿಗೆ ಹಿಡಿದ ಅವ್ವ ದಿನಾ ನನ್ನನ್ನು ಕೇಳುತ್ತಿದ್ದಳು: "ಪತ್ರ ಎಲ್ಲಿಗೆ ಬಂತಬೇ?" ನಾನು ದಿಲಾವರಣ್ಣನನ್ನು ಕೇಳುತ್ತಿದ್ದೆ. ಅವನು ಮತ್ತೆ ಹಾವೇರಿ ಬಸ್ಸು ಹತ್ತುತ್ತಿದ್ದ. ಮೇಜಿನಿಂದ ಮೇಜಿಗೆ ಕೇಳಿಕೊಂಡು, ಸಂಜೆ ಕಾಲು ಬಾತು ಬರುತ್ತಿದ್ದ.

ಕೊನೆಗೆ ಪತ್ರ ಎಲ್ಲಿಗೆ ಬಂದಿತ್ತು? ನನ್ನ ಅಂಗಡಿಯ ಎದುರಿಗೇ. ಜಿಲ್ಲಾಧಿಕಾರಿ ಕಚೇರಿಯಿಂದ "ಪರಿಶೀಲಿಸಿ ವರದಿ ಸಲ್ಲಿಸಿ" ಎಂದು ತಹಶೀಲ್ದಾರರಿಗೆ, ಅಲ್ಲಿಂದ ಕಂದಾಯ ನಿರೀಕ್ಷಕರಿಗೆ, ಅಲ್ಲಿಂದ ನಾವು ಇನ್ನೂ ತಲಾಟಿ ಎಂದೇ ಕರೆಯುವ ಗ್ರಾಮ ಆಡಳಿತಾಧಿಕಾರಿ ಶಿವಾನಂದನಿಗೆ. ನನ್ನ ಅಂಗಡಿಯಿಂದ ಕೂಗಿದರೆ ಅವನಿಗೆ ಕೇಳುತ್ತದೆ. ಈ ರಸ್ತೆ ದಾಟಲು ಆ ಕಾಗದ ಹಾವೇರಿ ನೋಡಿಕೊಂಡು ಬರಬೇಕಾಯಿತು.

ಶಿವಾನಂದ ಒಳ್ಳೆಯ ಹುಡುಗ. ನಕಾಶೆ ಹರಡಿ ತೋರಿಸಿದ. "ಇದರಾಗ ದಾರಿ ಇಲ್ರಿ. ದಾರಿ ಇದ್ದಿದ್ರ ನಾವ ತೆರವು ಮಾಡಸ್ತಿದ್ವಿ. ಇದು ಖಾಸಗಿ ಜಮೀನು. ಮಾಲಕರ ಒಪ್ಪಿಗಿ ಪತ್ರ ಬೇಕು."

"ಮಾಲಕರೇ ಅನುಮೋದನಾ ಮಾಡ್ಯಾರಲ್ರಿ ಠರಾವು" ಎಂದ ದಿಲಾವರಣ್ಣ.

"ಠರಾವು ಸಂಘದ್ದು, ಹೊಲ ಅವರದು. ಅದ ಬ್ಯಾರೆ, ಇದ ಬ್ಯಾರೆ. ಅವರು ಒಪ್ಪ್ಯಾರಂದ್ರ ಒಂದು ಸಹಿ ಏನು ಭಾರ? ಮಾಡಿಸ್ಕೊಂಡು ಬರ್ರಿ."

ಒಪ್ಪಿಗೆ ಪತ್ರ ಟೈಪು ಮಾಡಿಕೊಂಡು ನಾವಿಬ್ಬರೂ ಮಕ್ತುಮಸಾಬರ ಮನೆಗೆ ಹೋದೆವು. ಅಂಗಳದಲ್ಲಿ ಕುಂತು ಎಲೆ ಜೋಡಿಸುತ್ತಿದ್ದರು. ದಿಲಾವರಣ್ಣ ಎಡಗಿವಿಗೆ ಬಾಯಿ ಹಚ್ಚಿ ಪೂರ್ತಿ ಓದಿದ. ಅವರ ಕೈಯ ಎಲೆ ನಿಂತಿತು.

"ಯಾವ ದಾರಿ? ನನ್ನ ತೋಟದಾಗ?"

"ಸಭಾದಾಗ ಓದಿದ್ನೆಲ್ರಿ ಚಾಚಾ. ನೀವು ಹೂಂ ಅಂದ್ರಿ."

ಮುದುಕರು ಎಲೆಯನ್ನು ಕೆಳಗಿಟ್ಟರು. "ಚಾ ಬೇಕೇನಂತ ಕೇಳಾಕತ್ತೀರಿ ಅಂತ ತಿಳ್ಕೊಂಡೆಲ್ಲೋ ನಾನು. ಫಕ್ಕೀರೇಶ ನನ್ನ ಕಡೆ ನೋಡಿದ, ಬಾಯಿ ಅಲುಗಾಡಿಸಿದ. ನಾನು ಹೂಂ ಅಂದೆ. ಆಮ್ಯಾಲ ಚಾನೂ ಬಂತು."

ನನಗೆ ನಗು ಬಂತು, ಅದರ ಹಿಂದೆಯೇ ಅಳು ಬಂತು. ಇಷ್ಟು ವರ್ಷ ಆ ಮೂಲೆಯಿಂದ ಬಂದ ಹೂಂಗಳಲ್ಲಿ ಚಹಾದವು ಎಷ್ಟೋ, ಆ ಅಲ್ಲಾನೇ ಬಲ್ಲ. ಮಕ್ತುಮಸಾಬರು ಎದ್ದು ಒಳಗೆ ಹೋದರು. ಮತ್ತೆ ಹೊರಗೆ ಬರಲಿಲ್ಲ.

ಫಕ್ಕೀರೇಶಪ್ಪನವರಿಗೆ ಸುದ್ದಿ ಮುಟ್ಟಿಸಿದಾಗ ಅವರು ತಲೆಯನ್ನೇನೂ ಕೆಡಿಸಿಕೊಳ್ಳಲಿಲ್ಲ. "ನಡಾವಳಿ ಬುಕ್ಕಿನಾಗ ಸಾಬರ ಸಹಿ ಐತಿ. ಇನ್ನೊಂದು ಸಹಿ ಮಾಡಸೂದು ಎಷ್ಟು ಹೊತ್ತು? ಏನೋ ಸಾಲದ ಕಾಗದ ಅಂತ ಹೇಳ್ರಿ, ಮಾಡಿಕೊಡ್ತಾರ" ಎಂದರು.

ನಿಜ ಹೇಳುತ್ತೇನೆ, ನನಗೂ ಹೌದೆನ್ನಿಸಿತು. ಹಾಸಿಗೆ ಹಿಡಿದವಳು ನಮ್ಮವ್ವ. ದಾರಿ ಆಗಲಿ, ಹೆಂಗಾದರೂ ಆಗಲಿ. ದಿಲಾವರಣ್ಣ ಮಾತ್ರ ಟೋಪಿ ತೆಗೆದು ಬೆವರು ಒರೆಸಿಕೊಂಡು, "ನನ್ನ ಕಡಿಂದ ಆಗೂದಿಲ್ರಿ" ಎಂದ. ಅಷ್ಟೇ. ಬೇಸತ್ತ ಮನುಷ್ಯನ ಮಾತು, ಜೋರೇನಿರಲಿಲ್ಲ. ಅಂದು ಸಂಜೆ ನನ್ನ ಸ್ಟೂಲಿನ ಮೇಲೆ ಕುಂತು, "ಸಾಕಾಗೇತಿ ನೀಲಾ. ಕೆಲಸ ಬಿಡ್ತೇನಿ" ಎಂದ. ಬಿಡಲಿಲ್ಲ. ಮುಂದಿನ ಸಭೆಯ ನೋಟಿಸು ಹೊಡೆಸಿಕೊಂಡು ಹೋದ.

ಆ ಸಭೆಗೆ ನನ್ನನ್ನೂ ಕರೆದಿದ್ದ. ಮೊದಲ ವಿಷಯ, ಹಿಂದಿನ ಸಭೆಯ ನಡಾವಳಿ ಓದಿ ದೃಢೀಕರಿಸುವುದು. ದಿಲಾವರಣ್ಣ ತನ್ನ ಖುರ್ಚಿ ಎತ್ತಿಕೊಂಡು ಹೋಗಿ ಮಕ್ತುಮಸಾಬರ ಎಡಕ್ಕೆ ಹಾಕಿಕೊಂಡ. "ಈ ಠರಾವಿಗೆ ಚಾಚಾ ಅನುಮೋದನಾ ಕೊಟ್ಟಿದ್ದಿಲ್ಲ. ಅವರಿಗೆ ಕೇಳಿದ್ದಿಲ್ಲ. ಹಂಗಂತ ಬರೀತೇನಿ" ಎಂದ. ಯಾರೋ ಗೊಣಗಿದರು. ಅವನು ಲಕ್ಷ್ಯ ಕೊಡದೆ ಠರಾವನ್ನು ಮೊದಲಿನಿಂದ ಅವರ ಕಿವಿಗೆ ಕೂಗಿ ಓದಿದ. ಯಾವ ಬದು, ಎಷ್ಟು ಅಗಲ, ಎಷ್ಟು ಬಳ್ಳಿ ಹೋಗುತ್ತವೆ, ಎಲ್ಲ.

ಮಕ್ತುಮಸಾಬರು ಕೇಳಿದರು, "ಈಗ ಯಾಕ ಬೇಕು ದಾರಿ? ಇಷ್ಟು ದಿನ ನಡೀಲಿಲ್ಲೇನು?"

ಠರಾವಿನಲ್ಲಿ ಇಲ್ಲದ್ದನ್ನು ದಿಲಾವರಣ್ಣ ಅಂದು ಹೇಳಿದ. ಅವ್ವ ಬಿದ್ದದ್ದು, ಕಂಬಳಿ, ವಾಲಿದ್ದು, ಚೀರಿದ್ದು. ಕೂಗಿ ಹೇಳಬೇಕಾದ್ದರಿಂದ ಹೊರಗೆ ರಸ್ತೆಯ ಮಂದಿಯೂ ನಿಂತು ಕೇಳಿದರು. ನನಗೆ ತಲೆ ಎತ್ತಲಾಗಲಿಲ್ಲ.

"ತಿಪ್ಪವ್ವ? ನನ್ನ ಬದುವಿನ ಮ್ಯಾಲ?" ಮುದುಕರು ದಿಲಾವರಣ್ಣನ ಕಡೆ ತಿರುಗಿದರು. ಅವ್ವ ಬಿದ್ದಾಗ ಅವರು ಬಂಕಾಪುರದಲ್ಲಿ ಮಗಳ ಮನೆಯಲ್ಲಿದ್ದರು. "ಆಕಿಗೆ ಜ್ವರ ಅಂದಿದ್ರು ನನಗ. ಯಾಕೋ ಯಾರೂ ಹೇಳ್ಲಿಲ್ಲ? ಹೂಂ ಅನಸ್ಕೊಳ್ಳಾಕ ಅಷ್ಟ ಬೇಕೇನು ನಾನು ನಿಮಗ?"

ಅಷ್ಟರಲ್ಲಿ ಚಹಾ ಬಂತು. ಅವರು ಲೋಟ ಮುಟ್ಟಲಿಲ್ಲ. ದಿಲಾವರಣ್ಣನ ಕೈಯಿಂದ ಪೆನ್ನು ತೆಗೆದುಕೊಂಡು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ, ಪೆನ್ನು ತಿರುಗಿ ಕೊಟ್ಟರು. "ಹೂಂ" ಎಂದರು. "ಇದು ಚಾಕ್ಕಲ್ಲ. ಬರಕೋ."

ಒಪ್ಪಿಗೆ ಪತ್ರ ಇಟ್ಟು ಎರಡನೆಯ ಪತ್ರ ಹಾವೇರಿಗೆ ಹೋಯಿತು. ಶಿವಾನಂದನ ವರದಿಯೂ ಹೋಯಿತು. ಅಳತೆಯವರು ಬರುವವರೆಗೆ ತಡೆಯಿರಿ ಎಂದರೂ ಕೇಳದೆ ಮಕ್ತುಮಸಾಬರು ಬದುವಿನ ಪಕ್ಕದ ಬಳ್ಳಿಗಳನ್ನು ತಾವೇ ಕಿತ್ತು ಹಾಕಿಸಿದರು. ಆಮೇಲೆ ಇನ್ನೊಂದು ಮಳೆಗಾಲ ಮುಗಿಯಿತು. ಕಿತ್ತ ಜಾಗದಲ್ಲಿ ಕೆಸರು ನಿಂತಿದೆ, ಬಳ್ಳಿಯೂ ಇಲ್ಲ, ದಾರಿಯೂ ಇಲ್ಲ. ಅವ್ವ ಕೋಲು ಹಿಡಿದು ಅಂಗಳದವರೆಗೆ ನಡೆಯುತ್ತಾಳೆ, ಪತ್ರದ ಸುದ್ದಿ ಕೇಳುವುದನ್ನು ಬಿಟ್ಟಿದ್ದಾಳೆ.

ಈಗ ಕೇಳುವವರು ಮಕ್ತುಮಸಾಬರು. ಪ್ರತಿ ಸಭೆಯಲ್ಲಿ, ಖುರ್ಚಿಯ ಮೇಲೆ ಕೂಡುವ ಮೊದಲೇ ಕೇಳುತ್ತಾರೆ: "ದಿಲಾವರ, ನನ್ನ ಹೂಂ ಎಲ್ಲಿಗೆ ಬಂತೋ?"

ದಿಲಾವರಣ್ಣ ಎದ್ದು ಹೋಗಿ, ಆ ಎಡಗಿವಿಗೆ ಬಾಯಿ ಹಚ್ಚಿ, "ಹಾವೇರ್ಯಾಗ ಐತ್ರಿ ಚಾಚಾ" ಎಂದು ಕೂಗುತ್ತಾನೆ. ಮರುದಿನ ನನ್ನ ಅಂಗಡಿಗೆ ಬಂದು ನೆನಪೋಲೆ ಹೊಡೆಸಿಕೊಂಡು ಬಸ್ಸು ಹತ್ತುತ್ತಾನೆ.