ಗುರುವಾರಕ್ಕೆ ಮೊದಲಿನ ಸೋಮವಾರ

“ನನ್ನ ಕೈಯಾಗ ಹಾದುಹೋದ ಪಗಾರದಾಗ ಒಂದು ನಯೇ ಪೈಸೆ ಸೋರಿತು ಅಂತ ಯಾರರ ತೋರಸ್ಲಿ, ಈ ಮೀಸಿ ಬೋಳಿಸಿ ಮೋಟಾರ್ ಸ್ಟ್ಯಾಂಡಿನಾಗ ಹರಾಜಿಗಿಡತೀನಿ!”

ಹೀಗೆ ಪಂಥ ಕಟ್ಟುತ್ತಿದ್ದವನು ಕಲ್ಲಯ್ಯ. ಬನವಾಸಿ ಕಡೆಯ ಮನುಷ್ಯ. ಶಿರಸಿಯ ಒಂದು ಸಹಕಾರಿ ಸಂಘದಲ್ಲಿ ನೌಕರರ ಪಗಾರದ ಬಿಲ್ಲು ಬರೆಯುವ ಗುಮಾಸ್ತ. ಸಂಘಕ್ಕೆ ಸಿದ್ದಾಪುರದಲ್ಲೊಂದು, ಯಲ್ಲಾಪುರದಲ್ಲೊಂದು ಶಾಖೆ. ಮೂರೂ ಕಡೆಯವರ ಅನ್ನ ಅವನ ನಿಬ್ಬಿನ ತುದಿಯಲ್ಲಿತ್ತು. ಅವನು ಲೆಕ್ಕ ಕೂಡಿಸಲು ಕೂತರೆ ಮಾಗೋಡಿನ ಜಲಪಾತ ಕೂಡ ಸದ್ದಾಗದಂತೆ ತುದಿಗಾಲಲ್ಲಿ ಇಳಿಯುತ್ತದೆ ಎಂದು ಯಲ್ಲಾಪುರದವರು ಹೇಳುತ್ತಿದ್ದರು. ಜಲಪಾತ ಇದುವರೆಗೆ ಅಲ್ಲವೆಂದಿಲ್ಲ.

ಅವನ ಹೆಸರು ಮೂರು ತಾಲೂಕಿಗೆ ಹಬ್ಬಿದ್ದು ಶಂಕ್ರಪ್ಪನ ಪ್ರಕರಣದಿಂದ. ಶಂಕ್ರಪ್ಪ ಯಲ್ಲಾಪುರ ಶಾಖೆಯಲ್ಲಿ ತಕ್ಕಡಿ ಹಿಡಿಯುತ್ತಿದ್ದವನು. ಗೋದಾಮಿನ ಮೇಲ್ವಿಚಾರಕನಾಗಿ ಬಡ್ತಿಯ ಆದೇಶ ಬಂದಾಗ ಹೊಸ ಧೋತರ ಉಟ್ಟು, ತೆಂಗಿನಕಾಯಿ ಹಿಡಿದು ಅಧಿಕಾರ ವಹಿಸಿಕೊಳ್ಳಲು ಓಡಿದ. ಅಂದು ಶಾಖೆಗೆ ಬಂದಿದ್ದ ಕಲ್ಲಯ್ಯ ಬಾಗಿಲಲ್ಲೇ ತಡೆದ.

“ನಿನ್ನ ವರ್ಷದ ಇಂಕ್ರಿಮೆಂಟು ಯಾವತ್ತೋ?”

“ನಾಡದು, ಅಯ್ನೋರ.”

“ಮತ್ತ ಇವತ್ತ ಹೊಸಾ ಕುರ್ಚಿ ಮ್ಯಾಲೆ ಕುಂಡಿ ಊರಾಕ ಏನ್ ಅವಸರ? ಹೊಟ್ಟಿನೋವು ಅಂತ ಎರಡು ದಿನ ರಜಾ ಬರಿ.”

“ಹೊಟ್ಟಿ ಕಲ್ಲಿನಂಗ ಗಟ್ಟಿ ಐತ್ರಿ.”

“ಇವತ್ತ ಸಹಿ ಮಾಡು, ಜೀವಮಾನ ಪೂರ್ತಿ ನೋಯತೈತಿ.”

ವಿಷಯ ಇಷ್ಟೇ. ಸಂಘದ ನಿಯಮದಲ್ಲಿ ಪಗಾರವೆಂದರೆ ಏಣಿ. ವರ್ಷಕ್ಕೊಮ್ಮೆ, ಗೊತ್ತಾದ ತಾರೀಖಿಗೆ, ಒಂದು ಮೆಟ್ಟಿಲು ಏರಬೇಕು; ಅದು ಇಂಕ್ರಿಮೆಂಟು. ಬಡ್ತಿ ಬಂದರೆ ಏಣಿಯೇ ಬದಲು: ಅಂದು ಹಳೆ ಏಣಿಯಲ್ಲಿ ಎಷ್ಟು ಎತ್ತರಕ್ಕಿರುತ್ತೀಯೋ, ಹೊಸ ಏಣಿಯಲ್ಲಿ ಅದಕ್ಕಿಂತ ಮೇಲಿನ ಮೊದಲ ಮೆಟ್ಟಿಲಿಗೆ ಕಾಲಿಡಬೇಕು. ಎರಡೂ ಒಂದೇ ತಿಂಗಳಲ್ಲಿ ಬಂದವನು ಮೊದಲು ಹಳೆ ಏಣಿಯಲ್ಲಿ ಏರಿ, ಆಮೇಲೆ ದಾಟಿದರೆ ಲಾಭ. ಮೊದಲೇ ದಾಟಿಬಿಟ್ಟರೆ ಹಳೆ ತಾರೀಖು ಸತ್ತಂತೆ. ಮುಂದಿನ ಇಂಕ್ರಿಮೆಂಟಿಗೆ ಹೊಸ ಕುರ್ಚಿಯಲ್ಲಿ ಒಂದು ವರ್ಷ ತುಂಬಬೇಕು. ಒಂದು ಮೆಟ್ಟಿಲು ಹಿಂದೆ ಬಿದ್ದವನು ವರ್ಷವರ್ಷವೂ ಹಿಂದೆಯೇ.

ಶಂಕ್ರಪ್ಪನ ಹೊಟ್ಟೆ ಎರಡು ದಿನ ಶಾಸ್ತ್ರೋಕ್ತವಾಗಿ ನೋಯಿತು. ಅಂದಿನಿಂದ ಸಂಘದಲ್ಲಿ ಯಾರಿಗೆ ಬಡ್ತಿ ಬಂದರೂ ಜನ “ಅಭಿನಂದನೆ” ಅನ್ನುವ ಮೊದಲು “ಹೊಟ್ಟಿ ಹ್ಯಾಂಗೈತ್ರಿ?” ಅನ್ನುತ್ತಿದ್ದರು.

ಸಾವಿರದೊಂಬೈನೂರ ಅರವತ್ತೆರಡರಲ್ಲಿ ಕಲ್ಲಯ್ಯನ ಸರದಿ ಬಂತು. ಹಳೆಯ ಹೆಡ್ ಕ್ಲಾರ್ಕು ನಿವೃತ್ತಿಯಾಗಿ ಕುರ್ಚಿ ಖಾಲಿ ಬಿದ್ದಿತ್ತು. ಶನಿವಾರ ಸಂಜೆ ಆದೇಶ ಕೈಗೆ ಬಂತು. ಹತ್ತು ದಿನದೊಳಗೆ ಅಧಿಕಾರ ವಹಿಸಿಕೊಳ್ಳಬೇಕು. ಅವನ ಇಂಕ್ರಿಮೆಂಟು ಬರುವ ಗುರುವಾರ. ತೊಂಬತ್ತಾರು ರೂಪಾಯಿ ಆ ದಿನ ನೂರಾಗುತ್ತದೆ. ಹೆಡ್ ಕ್ಲಾರ್ಕಿನ ಏಣಿ ಶುರುವಾಗುವುದೇ ನೂರರಿಂದ, ಮೆಟ್ಟಿಲಿಗೆ ಆರು. ಗುರುವಾರ ದಾಟಿದರೆ ನೂರ ಆರು. ಅದಕ್ಕೆ ಮೊದಲು ದಾಟಿದರೆ ಬರೀ ನೂರು. ನಿದ್ದೆಗಣ್ಣಿನಲ್ಲಿ ಎಬ್ಬಿಸಿ ಕೇಳಿದರೂ ಹೇಳುವಂಥ ಲೆಕ್ಕ.

ಸರಕು ತಂದಿದ್ದ ಶಂಕ್ರಪ್ಪ ಅಂಗಳದಿಂದಲೇ ಕೂಗಿದ: “ಅಯ್ನೋರ, ಹೊಟ್ಟಿನೋವು ಶುರುವಾತೇನ್ರಿ?”

ಕಲ್ಲಯ್ಯ ನಗಲಿಲ್ಲ. ನಿಜವಾದ ಹೊಟ್ಟೆನೋವು ಅವನ ಮನೆಯಲ್ಲಿತ್ತು. ಹೆಂಡತಿ ನೀಲಗಂಗವ್ವ ಹೊಟ್ಟೆಯಲ್ಲಿ ಗಡ್ಡೆಯಾಗಿ ತಿಂಗಳಿಂದ ಆಸ್ಪತ್ರೆಯ ಮಂಚದ ಮೇಲಿದ್ದಳು. ಮಕ್ಕಳಿಲ್ಲದ ಮನೆ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅವಳು ಗಂಡನಿಂದ ಬಯಸಿದ್ದು ಬಂಗಾರವನ್ನಲ್ಲ. ಹಳೆಯ ಹೆಡ್ ಕ್ಲಾರ್ಕಿನ ಹೆಂಡತಿ ಅನ್ನಪೂರ್ಣವ್ವ ಅರಿಸಿನ ಕುಂಕುಮಕ್ಕೆ ಬಂದರೆ ಯಾರ ಮನೆಯಲ್ಲೂ ಕೂರಲು ಕಂಬಳಿ ಹಾಸುತ್ತಿದ್ದರು, ಇವಳಿಗೆ ಚಾಪೆ. “ನಿಮಗ ಆ ಕುರ್ಚಿ ಬರ್ಲಿ, ನಾನೂ ಒಂದ್ಸಲ ಕಂಬಳಿ ಮ್ಯಾಲೆ ಕುಂದ್ರತೀನಿ” ಎಂದು ನಗುತ್ತಿದ್ದಳು. ನಗುವಿನ ಕೆಳಗೆ ಚಾಪೆ ಚುಚ್ಚುತ್ತಿದ್ದದ್ದು ಗಂಡನಿಗೆ ಗೊತ್ತಿತ್ತು.

ಭಾನುವಾರ ಡಾಕ್ಟರು ಅವನನ್ನು ಹೊರಗೆ ಕರೆದರು. “ಕಲ್ಲಯ್ಯನವರೇ, ಇನ್ನು ಎರಡು ಮೂರು ದಿನದ ಮಾತು.”

ಅಧಿಕಾರ ವಹಿಸಿಕೊಂಡೆ ಎಂದು ಸುಳ್ಳು ಹೇಳಿ ಅವಳನ್ನು ಸಮಾಧಾನ ಮಾಡಬಹುದಿತ್ತು. ಆದರೆ ಕಲ್ಲಯ್ಯನ ಮುಖದ ಮೇಲಿನ ಸುಳ್ಳನ್ನು ನೀಲಗಂಗವ್ವ ಅಕ್ಕಿಯೊಳಗಿನ ಕಲ್ಲಿನಂತೆ ಆರಿಸಿ ಒಗೆಯುತ್ತಿದ್ದಳು. ಇಡೀ ಶಿರಸಿಗೆ ಟೋಪಿ ಹಾಕಬಲ್ಲವನು ಅವಳ ಮುಂದೆ ಬರಿತಲೆ. ಸೋಮವಾರ ಬೆಳಿಗ್ಗೆ ಹಣೆತುಂಬ ವಿಭೂತಿ ಹಚ್ಚಿಕೊಂಡು ಕಚೇರಿಗೆ ಹೋದ. ಅಧಿಕಾರ ವಹಿಸಿಕೊಂಡ ಪತ್ರಕ್ಕೆ ಸಹಿ ಹಾಕಿದ. ಕುರ್ಚಿಯಲ್ಲಿ ಕೂತು ಎದ್ದ. ಪೇಢೆಯ ಪೊಟ್ಟಣದೊಂದಿಗೆ ಆಸ್ಪತ್ರೆಗೆ ಬಂದ.

“ಏನ್ರೀ, ಇಷ್ಟ ಲಗೂ?”

“ಹೆಡ್ ಕ್ಲಾರ್ಕು ಯಾವಾಗ ಬೇಕಾದ್ರ ಏಳಬಹುದು. ಯಾರೂ ಕೇಳೂದಿಲ್ಲ.”

ಅವಳು ಅವನ ಮುಖವನ್ನು ಬಹಳ ಹೊತ್ತು ಆರಿಸಿದಳು. ಕಲ್ಲು ಸಿಗಲಿಲ್ಲ. ಕಣ್ಣು ತುಂಬಿ ಬಂತು. ಆಮೇಲೆ ಥಟ್ಟನೆ ಹುಬ್ಬು ಗಂಟಿಕ್ಕಿತು. ಪಗಾರದ ಗುಮಾಸ್ತನ ಹೆಂಡತಿಯಲ್ಲವೇ!

“ಅಲ್ರೀ, ನಿಮ್ಮ ಇಂಕ್ರಿಮೆಂಟು ಗುರುವಾರ! ಊರಿಗೆಲ್ಲಾ ಬುದ್ಧಿ ಹೇಳಿ ನೀವ ಹೀಂಗ...”

“ಪೇಢೆ ತಿನ್ನು.”

“ಹುಚ್ಚ ಅದೀರಿ ನೀವು,” ಎಂದು ಒಂದು ಚೂರು ನಾಲಿಗೆಗೆ ಇಟ್ಟುಕೊಂಡಳು. ನುಂಗಲಾಗಲಿಲ್ಲ. ಸಂಜೆ ಕಸ ಗುಡಿಸಲು ಬಂದ ದ್ಯಾವಮ್ಮನಿಗೆ, “ಇವ್ರು ಈಗ ಹೆಡ್ ಕ್ಲಾರ್ಕು, ಗೊತ್ತೇನ?” ಎಂದು ಅವಳು ಹೇಳಿದ್ದು ಕಲ್ಲಯ್ಯನ ಕಿವಿಗೆ ಬಿತ್ತು. ದ್ಯಾವಮ್ಮ “ಹೌದ್ರಾ ಅಮ್ಮೋರೆ!” ಎಂದು ಕಸಬರಿಗೆ ಕೆಳಗಿಟ್ಟು ಕೈಮುಗಿದಳು. ಅಷ್ಟೇ ನೀಲಗಂಗವ್ವ ಕಂಡ ಕಂಬಳಿ.

ಬುಧವಾರ ಮಧ್ಯಾಹ್ನ ಅವಳು ಹೋದಳು. ಗುರುವಾರ, ಅವನ ಇಂಕ್ರಿಮೆಂಟಿನ ದಿನ, ಮಣ್ಣು ಮಾಡಿದರು.

ತಿಂಗಳ ಕೊನೆಗೆ ಕಲ್ಲಯ್ಯನೇ ಪಗಾರದ ಬಿಲ್ಲು ಬರೆದ. ತನ್ನ ಹೆಸರಿನ ಮುಂದೆ ನೂರು ರೂಪಾಯಿಯ ದರ ಹಾಕಿ, ಸೆಕ್ರೆಟರಿ ಶಿವಲಿಂಗಪ್ಪನವರ ಮೇಜಿನ ಮೇಲಿಟ್ಟ. ಶಿವಲಿಂಗಪ್ಪನವರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

“ಕಲ್ಲಯ್ಯ, ಬಾಗಿಲ ಮುಂದಕ್ಕ ಮಾಡ್ರಿ. ನಿಮ್ಮ ಪತ್ರಕ್ಕ ನಾನಿನ್ನೂ ಸಹಿ ಹಾಕಿಲ್ಲ. ಅದನ್ನ ಹರದು, ಅದರ ಮುಂದಿನ ಸೋಮವಾರದ ತಾರೀಖು ಹಾಕಿ ಹೊಸಾದು ಬರೀರಿ. ಹತ್ತು ದಿನದಾಗ ಬರತೈತಿ. ಮೊದಲು ಇಂಕ್ರಿಮೆಂಟು, ಆಮ್ಯಾಲೆ ಬಡ್ತಿ, ನೂರ ಆರು. ಆಡಿಟರಪ್ಪ ಬಂದ್ರೂ ತಿಳಿಯೂದಿಲ್ಲ.”

“ಬ್ಯಾಡ್ರಿ.”

“ಯಾಕ ಬ್ಯಾಡ? ನೀವು ಅವತ್ತ ಕುರ್ಚಿ ಮ್ಯಾಲೆ ಕುಂತಿದ್ದು ಒಂದು ಗಳಿಗಿ. ಅಷ್ಟಕ್ಕ ತಿಂಗಳಾ ತಿಂಗಳಾ ಆರು ರೂಪಾಯಿ, ರಿಟೈರ್ ಆಗೂತನಕ? ಊರ ಮಂದಿಗೆ ಲೆಕ್ಕ ಕಲಿಸಿದಾವ್ರು ನೀವು!”

ಕಲ್ಲಯ್ಯ ಬಿಲ್ಲನ್ನು ಅವರತ್ತ ಸರಿಸಿದ. ಮಸಿಯ ದೌತಿಯನ್ನೂ ಸರಿಸಿದ.

“ನನ್ನಾಕಿ ಬುಧವಾರ ಹೋದಳ್ರಿ, ಸಾಹೇಬ್ರ, ಹೆಡ್ ಕ್ಲಾರ್ಕಿನ ಹೆಂಡತಿಯಾಗಿ. ಈಗ ಆರು ರೂಪಾಯಿ ಆಸೆಗೆ ಅಕಿನ್ನ ಮಣ್ಣಿನಾಗಿಂದ ಎಬ್ಬಿಸಿ, ಮತ್ತ ಗುಮಾಸ್ತನ ಹೆಂಡತಿ ಮಾಡ್ಲೇನ್ರಿ?”